ಮಾಡಲಾಯಿತು, ಮಾಡಿದೆವು, ಮಾಡಿದೆ

ಶುಕ್ರವಾರ ಸಂಜೆ ಐದೂವರೆಗೆ ನಮ್ಮ ವಿಭಾಗದ ಮುಖ್ಯಸ್ಥರಿಂದ ಒಂದು ಸಣ್ಣ ಸಂದೇಶ ಬಂತು. ‘ರೀಕಾನ್ ಈಗ ಒಂದು ಗಂಟೆಯೊಳಗೆ ಮುಗೀತಿದೆಯಂತೆ. ಏನು ಮಾಡಿದಿರಿ ಅಂತ ಒಂದು ಮೇಲ್ ಹಾಕಿ, ಸೋಮವಾರದ ಮೀಟಿಂಗ್‌ಗೆ ಬೇಕು.’ ರೀಕಾನ್ ಎಂದರೆ ಬ್ಯಾಂಕಿನ ಲೆಕ್ಕವನ್ನು ನಮ್ಮ ಲೆಕ್ಕದ ಜೊತೆ ತಾಳೆ ನೋಡುವ ರಾತ್ರಿಯ ಕೆಲಸ. ಹತ್ತೇ ನಿಮಿಷದಲ್ಲಿ ಮೇಲ್ ಬರೆದು ಮುಗಿಸಿದೆ. ಕಳಿಸುವ ಮೊದಲು ಒಮ್ಮೆ ಓದಿದರೆ, ಅದರಲ್ಲಿ ಒಬ್ಬ ಮನುಷ್ಯರೂ ಇರಲಿಲ್ಲ.

‘ಸಮಸ್ಯೆಯ ಮೂಲವನ್ನು ಗುರುತಿಸಲಾಯಿತು. ಕ್ವೆರಿಯನ್ನು ಸರಿಪಡಿಸಲಾಯಿತು. ಹಳೆಯ ಡೇಟಾದ ಜೊತೆ ಹೋಲಿಸಿ ಪರಿಶೀಲಿಸಲಾಯಿತು. ಇಡೀ ತಂಡದ ಶ್ರಮಕ್ಕೆ ಧನ್ಯವಾದಗಳು.’

ಆಫೀಸಿನ ಮೇಲ್ ಇಂಗ್ಲಿಷಿನಲ್ಲೇ ಇತ್ತು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಆದರೆ ಆ ‘ಲಾಯಿತು’ ಯಾವ ಭಾಷೆಯಲ್ಲಿದ್ದರೂ ಒಂದೇ ಕೆಲಸ ಮಾಡುತ್ತದೆ. ಮಾಡಿದವರನ್ನು ಒರೆಸಿ ಹಾಕುತ್ತದೆ. ನಾನು ಆ ಮೇಲನ್ನು ಕಳಿಸಲಿಲ್ಲ. ಎರಡು ವರ್ಷದ ಹಿಂದೆ ಬೇರೊಂದು ಕಂಪನಿಯಲ್ಲಿ ಇಂಥದ್ದೇ ಒಂದನ್ನು ಕಳಿಸಿದ್ದೆ, ಅದು ನೆನಪಿತ್ತು.

ಅಲ್ಲಿ ಎಂಟು ತಿಂಗಳ ಒಂದು ಕೆಲಸವನ್ನು ನಾನೇ ಮುಂದೆ ನಿಂತು ಮುಗಿಸಿದ್ದೆ. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದು ಅಮ್ಮ ಹೇಳಿ ಬೆಳೆಸಿದವಳು ನಾನು. ‘ಎಲ್ಲವೂ ತಂಡದ ಕೆಲಸ’ ಎಂದು ಬರೆದು ಕಳಿಸಿದೆ. ಅದು ವಿನಯ ಎಂದೇ ನಂಬಿದ್ದೆ. ವರ್ಷದ ಮೌಲ್ಯಮಾಪನದಲ್ಲಿ ಮೇಲಿನವರು ಆ ಮೇಲನ್ನೇ ಎದುರಿಗಿಟ್ಟುಕೊಂಡು, ‘ಇದರಲ್ಲಿ ನಿಮ್ಮ ಪಾಲು ಏನು?’ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ. ನನಗಿಂತ ಹೆಚ್ಚು ಪೆಟ್ಟು ಬಿದ್ದದ್ದು ನಮ್ಮ ಜೊತೆ ಇದ್ದ ಒಬ್ಬ ಕಿರಿಯನಿಗೆ. ಅರ್ಧದಷ್ಟು ಕೋಡ್ ಅವನದೇ ಆಗಿತ್ತು. ‘ತಂಡ’ ಎಂಬ ಪದದ ಒಳಗೆ ಅವನೂ ಮುಳುಗಿಹೋದ. ಮುಂದಿನ ಕೆಲಸವನ್ನು ಅವನನ್ನು ಬಿಟ್ಟು, ಮೀಟಿಂಗ್‌ಗಳಲ್ಲಿ ಹೆಚ್ಚು ಮಾತಾಡುತ್ತಿದ್ದ ಇನ್ನೊಬ್ಬರಿಗೆ ಕೊಟ್ಟರು. ನನ್ನ ಹೆಸರನ್ನು ಮರೆಮಾಡಿ ಅವನ ಹೆಸರನ್ನು ಮುಂದೆ ಮಾಡಿದೆ ಎಂದುಕೊಂಡಿದ್ದೆ. ಆದರೆ ಅಲ್ಲಿ ಇಬ್ಬರ ಹೆಸರೂ ಇರಲಿಲ್ಲ.

ಯಾರು ಮಾಡಿದ್ದು ಎಂಬ ಜಾಗ ಖಾಲಿ ಇದ್ದರೆ ಓದುವವರು ಅದನ್ನು ಖಾಲಿ ಬಿಡುವುದಿಲ್ಲ. ತಮಗೆ ಮೊದಲೇ ಗೊತ್ತಿರುವ ಮುಖಗಳಿಂದ ತುಂಬಿಕೊಳ್ಳುತ್ತಾರೆ. ಹೆದರ್ ಸಾರ್ಸನ್ಸ್ ಎಂಬ ಅರ್ಥಶಾಸ್ತ್ರಜ್ಞೆ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ತೋರಿಸುತ್ತದೆ. ಅವರು ನೋಡಿದ್ದು ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರನ್ನು. ಗಂಡಸರಾದರೆ ಸಂಶೋಧನಾ ಲೇಖನವನ್ನು ಒಬ್ಬರೇ ಬರೆದಿರಲಿ, ಇತರರ ಜೊತೆ ಸೇರಿ ಬರೆದಿರಲಿ, ಕೆಲಸ ಕಾಯಂ ಆಗುವ ಸಾಧ್ಯತೆ ಹೆಚ್ಚುಕಡಿಮೆ ಅಷ್ಟೇ. ಹೆಂಗಸರಾದರೆ ಜಂಟಿ ಲೇಖನಗಳು ಹೆಚ್ಚಿದಷ್ಟೂ ಆ ಸಾಧ್ಯತೆ ಕಡಿಮೆಯಾಗುತ್ತಿತ್ತು. ಇದನ್ನು ಓದಿದಾಗ ನನಗೆ ಆ ಮೌಲ್ಯಮಾಪನದ ಕೋಣೆ ನೆನಪಾಯಿತು. ‘ನಾವು ಮಾಡಿದೆವು’ ಎಂದು ಬರೆದಾಗ ಆ ‘ನಾವು’ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗೆ ಆಗುವುದಿಲ್ಲ.

ಹಾಗಾಗಿ ಈ ಸಲ ಮೇಲ್ ಮುಚ್ಚಿಟ್ಟು, ಆದದ್ದೇನು ಎಂದು ಮೊದಲಿನಿಂದ ಬರೆದುಕೊಂಡೆ. ನಿಮಗೂ ಅದನ್ನು ಹೇಳದಿದ್ದರೆ ಮುಂದಿನದ್ದು ಅರ್ಥವಾಗದು. ಮೇಲ್‌ನಲ್ಲಿ ಎಲ್ಲರ ಹೆಸರೂ ಇದ್ದವು. ಇಲ್ಲಿ ಅವರವರ ಕೆಲಸದ ಹೆಸರಿನಿಂದಲೇ ಕರೆಯುತ್ತೇನೆ.

ನಮ್ಮದು ಅಂಗಡಿಯವರ ಪರವಾಗಿ ಯುಪಿಐ ಹಣ ಪಡೆದು ಅವರ ಖಾತೆಗೆ ಮುಟ್ಟಿಸುವ ಕೆಲಸ. ರಾತ್ರಿ ಒಂದು ಗಂಟೆಗೆ ಬ್ಯಾಂಕುಗಳಿಂದ ಫೈಲ್ ಬರುತ್ತದೆ. ಅದರ ಒಂದೊಂದು ಸಾಲನ್ನೂ ನಮ್ಮ ಲೆಕ್ಕದ ಟೇಬಲ್ಲಿನ ಜೊತೆ ತಾಳೆ ನೋಡಬೇಕು. ಇದನ್ನೇ ನಾವು ರೀಕಾನ್ ಅನ್ನುವುದು. ತಾಳೆಯಾಗದ ಸಾಲುಗಳನ್ನು ಬೇಗ ಹಿಡಿಯದೆ ವಿಧಿಯಿಲ್ಲ. ವಿಫಲವಾದ ವ್ಯವಹಾರದ ಹಣವನ್ನು ಗೊತ್ತುಪಡಿಸಿದ ದಿನಗಳೊಳಗೆ ಹಿಂದಿರುಗಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದು 2019ರ ಸೆಪ್ಟೆಂಬರ್ 20ರ ಆರ್‌ಬಿಐ ಸುತ್ತೋಲೆ ಹೇಳುತ್ತದೆ. ಬೆಳಿಗ್ಗೆ ಎಂಟಕ್ಕೆ ಪಾವತಿಯ ಪಟ್ಟಿ ಸಿದ್ಧವಿರಬೇಕು. ನಮ್ಮ ಜಾಬ್ ಮುಗಿಯುತ್ತಿದ್ದದ್ದು ಏಳು ನಲವತ್ತಕ್ಕೆ. ಕೆಲವು ದಿನ ಎಂಟೂ ದಾಟುತ್ತಿತ್ತು.

ದೊಡ್ಡ ಸರ್ವರ್ ತರಿಸುವುದೆಂದು ಆಗಲೇ ತೀರ್ಮಾನವಾಗಿತ್ತು, ಹಣವೂ ಮಂಜೂರಾಗಿತ್ತು. ನನಗೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಕಂಡಿತು. ಮಷಿನ್ನಿನ ಪ್ರೊಸೆಸರ್ ಪೂರ್ತಿ ದುಡಿಯುತ್ತಿತ್ತು ನಿಜ. ಆದರೆ ದಿನಕ್ಕೆ ಹತ್ತು ಸಾವಿರ ಸಾಲು ತಾಳೆ ನೋಡಲು ಅಷ್ಟು ಹೊತ್ತು ಯಾಕೆ ಹಿಡಿಯುತ್ತಿದೆ ಎಂದು ಯಾರೂ ಕೇಳಿರಲಿಲ್ಲ. ಎರಡು ವಾರ ಖರೀದಿ ನಿಲ್ಲಿಸಿ ಎಂದು ಒಂದು ಪುಟದ ಟಿಪ್ಪಣಿ ಬರೆದು, ಕೆಳಗೆ ನನ್ನ ಹೆಸರು ಹಾಕಿ ಕೊಟ್ಟೆ. ಅಷ್ಟರಲ್ಲಿ ಕಾರಣ ಸಿಗದಿದ್ದರೆ ತಡವಾದದ್ದು ನನ್ನ ಜವಾಬ್ದಾರಿ ಎಂದೂ ಅದರಲ್ಲಿ ಬರೆದಿದ್ದೆ. ಆಮೇಲೆ ಮೊದಲ ನಾಲ್ಕು ದಿನವನ್ನು ನಾನೇ ಕಳೆದುಬಿಟ್ಟೆ. ಡಿಸ್ಕ್ ನಿಧಾನ ಎಂದು ಅನುಮಾನಿಸಿ ಎಲ್ಲರನ್ನೂ ಆ ಕಡೆ ತಿರುಗಿಸಿದ್ದೆ. ಅದು ಡಿಸ್ಕ್ ಆಗಿರಲಿಲ್ಲ.

ದಾರಿ ಸಿಕ್ಕಿದ್ದು ಒಂದು ನೋಟ್‌ಬುಕ್ಕಿನಿಂದ. ರಾತ್ರಿ ಪಾಳಿಯಲ್ಲಿ ಜಾಬ್‌ಗಳನ್ನು ನೋಡಿಕೊಳ್ಳುವ ಹುಡುಗ ಒಬ್ಬ ಇದ್ದಾನೆ. ಅವನು ನಮ್ಮ ಕಂಪನಿಯವನಲ್ಲ, ಏಜೆನ್ಸಿಯ ಮೂಲಕ ಬಂದವನು. ಅವನು ಹತ್ತೊಂಬತ್ತು ರಾತ್ರಿ ಯಾರೂ ಹೇಳದೆಯೇ ತಾಳೆ ನೋಡುವ ಹಂತ ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು, ಫೈಲಿನಲ್ಲಿ ಎಷ್ಟು ಸಾಲಿತ್ತು ಎಂದು ಬರೆದಿಟ್ಟಿದ್ದ. ಬರೆದದ್ದಷ್ಟೇ ಅಲ್ಲ, ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಭಾಗಿಸಿದ್ದ, ಸಾವಿರ ಸಾಲಿಗೆ ಎಷ್ಟು ನಿಮಿಷ ಎಂದು. ಮೊದಲ ರಾತ್ರಿ 34, ಕೊನೆಯ ರಾತ್ರಿ 36. ಭಾನುವಾರ ಫೈಲ್ ಅರ್ಧಕ್ಕಿಳಿದಾಗ ಒಟ್ಟು ಹೊತ್ತು ಕಡಿಮೆಯಾಗುತ್ತಿತ್ತೇ ಹೊರತು ಸಾವಿರಕ್ಕೆ ಹಿಡಿಯುವ ನಿಮಿಷ ಇಳಿಯುತ್ತಿರಲಿಲ್ಲ. ‘ಮೇಡಂ, ಇದು ಫೈಲ್ ನೋಡಿ ನಿಧಾನ ಆಗ್ತಿಲ್ಲ. ದಿನ ಕಳೆದ ಹಾಗೆ ತಾನೇ ನಿಧಾನ ಆಗ್ತಿದೆ’ ಅಂದ. ದಿನ ಕಳೆದ ಹಾಗೆ ಬೆಳೆಯುವುದು ಒಂದೇ, ನಮ್ಮ ಲೆಕ್ಕದ ಟೇಬಲ್. ಆಗ ಅದರಲ್ಲಿ ಸುಮಾರು 35 ಲಕ್ಷ ಸಾಲುಗಳಿದ್ದವು. ಬೇಕಾದ ಸಾಲನ್ನು ನೇರವಾಗಿ ಹುಡುಕಿಕೊಡುವ ಇಂಡೆಕ್ಸ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಟೇಬಲ್ ಬೆಳೆದದ್ದು ಇಷ್ಟರಮಟ್ಟಿಗೆ ತಾಗಬಾರದು.

ನಮ್ಮ ಡೇಟಾಬೇಸ್ ನೋಡಿಕೊಳ್ಳುವ ಹುಡುಗ ಆ ಅಂಕಿ ನೋಡಿದವನೇ ಮೈಎಸ್‌ಕ್ಯೂಎಲ್‌ನಲ್ಲಿ ಕ್ವೆರಿಯ ಮುಂದೆ, ಅದು ಹೇಗೆ ನಡೆಯುತ್ತದೆ ಎಂದು ತೋರಿಸುವ `EXPLAIN` ಹಾಕಿದ. `type: ALL`, `key: NULL` ಎಂದು ಬಂತು. ಇಂಡೆಕ್ಸ್ ಇದೆ, ಆದರೆ ಬಳಕೆಯಾಗುತ್ತಿಲ್ಲ. ಕ್ವೆರಿ ಹೀಗಿತ್ತು:

```
SELECT id, amount FROM ledger
WHERE ref_no = 12345678901;
```

`ref_no` ಎಂಬುದು ಟೇಬಲ್ಲಿನಲ್ಲಿ ಅಕ್ಷರಗಳ ಕಾಲಮ್, `VARCHAR`. ನಮ್ಮ ಪ್ರೋಗ್ರಾಮ್ ಫೈಲಿನಿಂದ ಓದಿದ ಉಲ್ಲೇಖ ಸಂಖ್ಯೆಯನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೀ ಅಂಕಿಯಾಗಿ ಕಳಿಸುತ್ತಿತ್ತು. ಅಕ್ಷರದ ಕಾಲಮ್ಮನ್ನು ಅಂಕಿಯ ಜೊತೆ ಹೋಲಿಸಿದರೆ ಮೈಎಸ್‌ಕ್ಯೂಎಲ್ ಒಂದೊಂದು ಸಾಲನ್ನೂ ಅಂಕಿಗೆ ಬದಲಿಸಿ ನೋಡಬೇಕಾಗುತ್ತದೆ, ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ. ಫೈಲಿನ ಪ್ರತಿ ಸಾಲಿಗೂ 35 ಲಕ್ಷ ಸಾಲುಗಳನ್ನು ತಡಕಾಡಿದ ಹಾಗಾಯಿತು. ಎರಡು ಉದ್ಧರಣ ಚಿಹ್ನೆ ಹಾಕಿದರೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡೆವು. ಅಂದೇ ರಾತ್ರಿ ಬಿಡುಗಡೆ ಮಾಡಿಬಿಡೋಣ ಎಂಬ ಒತ್ತಡವೂ ಬಂತು.

ತಡೆದದ್ದು ನಮ್ಮ ಟೆಸ್ಟಿಂಗ್‌ನವರು. ನನಗಿಂತ ಹಿರಿಯರು, ಮಾತು ಕಡಿಮೆ. ಮೂರು ತಿಂಗಳ ಹಳೆಯ ಫೈಲುಗಳನ್ನು ಹೊಸ ಕ್ವೆರಿಯ ಮೇಲೆ ಓಡಿಸಿ, ಹಳೆಯ ಫಲಿತಾಂಶದ ಜೊತೆ ಸಾಲು ಸಾಲಾಗಿ ಹೋಲಿಸಿದರು. ಸುಮಾರು ಒಂಬತ್ತು ಲಕ್ಷ ಸಾಲುಗಳಲ್ಲಿ 212 ಸಾಲು ಮೊದಲು ತಾಳೆಯಾಗುತ್ತಿದ್ದವು, ಈಗ ಆಗುತ್ತಿರಲಿಲ್ಲ. ಅವೆಲ್ಲ ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳು. ಫೈಲಿನಲ್ಲೇ ಆ ಮೊದಲ ಸೊನ್ನೆ ಬಿದ್ದುಹೋಗಿತ್ತು. ಕಳಿಸುವವರ ಕಡೆ ಯಾರೋ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಹೀಗಾಗುತ್ತದೆ. ಹಳೆಯ ಕ್ವೆರಿ ಎಲ್ಲವನ್ನೂ ಅಂಕಿ ಮಾಡಿ ಹೋಲಿಸುತ್ತಿದ್ದರಿಂದ ಸೊನ್ನೆ ಇದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ ಆಗಿತ್ತು. ನಿಧಾನವಾಗಿದ್ದ ತಪ್ಪೇ ಇನ್ನೊಂದು ತಪ್ಪನ್ನು ಮುಚ್ಚಿಟ್ಟಿತ್ತು. ಅಂದು ರಾತ್ರಿ ಬಿಡುಗಡೆ ಮಾಡಿದ್ದರೆ ಇಂಥ ಸಾಲುಗಳ ಅಂಗಡಿಯವರಿಗೆ ಹಣ ತಡೆಹಿಡಿದ ಹಾಗಾಗುತ್ತಿತ್ತು. ಓದುವಾಗಲೇ ಸಂಖ್ಯೆಯನ್ನು 12 ಅಂಕಿಗೆ ತುಂಬಿಸುವ ಸಾಲನ್ನು ಡೇಟಾಬೇಸ್ ಹುಡುಗ ಸೇರಿಸಿದ. ಹಳೆಯದನ್ನೂ ಹೊಸದನ್ನೂ ಒಂಬತ್ತು ರಾತ್ರಿ ಒಟ್ಟಿಗೆ ಓಡಿಸಿ, ವ್ಯತ್ಯಾಸ ಸೊನ್ನೆ ಎಂದಾದ ಮೇಲೆಯೇ ಬದಲಿಸುವುದು ಎಂದು ನಾನು ಹಟ ಹಿಡಿದೆ. ಈಗ ಇಡೀ ಜಾಬ್ ಸುಮಾರು 40 ನಿಮಿಷದಲ್ಲಿ ಮುಗಿಯುತ್ತದೆ.

ಇಷ್ಟು ಬರೆದುಕೊಳ್ಳುವುದಕ್ಕೆ ನಾನು ನೆನಪನ್ನು ಮಾತ್ರ ನಂಬಲಿಲ್ಲ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದ್ದರು. ಬಹುಪಾಲು ಜೋಡಿಗಳಲ್ಲಿ ಇಬ್ಬರ ಉತ್ತರ ಕೂಡಿಸಿದರೆ ನೂರನ್ನು ಮೀರುತ್ತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತದೆ, ಅಷ್ಟೇ. ನನಗೂ ಮೊದಲು ನೆನಪಾದದ್ದು ನನ್ನ ಟಿಪ್ಪಣಿ, ನನ್ನ ಹಟ. ನೋಟ್‌ಬುಕ್ ನೆನಪಾದದ್ದು ಚಾಟ್ ತೆರೆದು ದಿನಾಂಕದ ಪ್ರಕಾರ ಮೇಲಿನಿಂದ ಓದಿದಾಗ. ಇನ್ನೊಂದು ಕಡೆ, ಕೋಡಿಗೆ ಯಾರು ಎಷ್ಟು ಸಲ ಬದಲಾವಣೆ ಸೇರಿಸಿದರು ಎಂದು ಎಣಿಸುವ `git shortlog -sn --since=3.weeks` ಹಾಕಿ ನೋಡಿದೆ. ಆ ಮೂರು ವಾರಕ್ಕೆ ಡೇಟಾಬೇಸ್ ಹುಡುಗನ ಹೆಸರಿನಲ್ಲಿ 11 ಕಮಿಟ್, ನನ್ನದು 3. ಟೆಸ್ಟಿಂಗ್‌ನವರದೂ ರಾತ್ರಿ ಪಾಳಿಯವನದೂ ಹೆಸರೇ ಇಲ್ಲ. ಕೆಲಸದ ಅರ್ಧ ಆ ಲೆಕ್ಕಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಟಿಕೆಟ್, ಚಾಟ್, ಕಮಿಟ್ ಮೂರನ್ನೂ ಪಕ್ಕ ಪಕ್ಕ ಇಟ್ಟುಕೊಳ್ಳಬೇಕು. ಅರ್ಧ ಗಂಟೆ ಸಾಕಾಗುತ್ತದೆ.

ಎರಡನೇ ಕರಡು ಬೇರೆ ರೀತಿಯಲ್ಲಿ ಕೆಟ್ಟಿತು. ಎಲ್ಲರ ಹೆಸರನ್ನೂ ಹಾಕಿ, ಪ್ರತಿಯೊಬ್ಬರ ಮುಂದೆಯೂ ‘ಅದ್ಭುತ ಕೆಲಸ’, ‘ಅಪಾರ ಶ್ರಮ’ ಎಂದು ಬರೆದಿದ್ದೆ. ಓದುವಾಗ ಎರಡು ಹೆಸರನ್ನು ಮನಸ್ಸಿನಲ್ಲೇ ಅದಲು ಬದಲು ಮಾಡಿ ನೋಡಿದೆ. ವಾಕ್ಯ ಹಾಗೇ ನಿಂತಿತು, ಏನೂ ತಪ್ಪಾಗಲಿಲ್ಲ. ಹೆಸರು ಬದಲಿಸಿದರೂ ನಿಜವಾಗಿಯೇ ಉಳಿಯುವ ವಾಕ್ಯದಲ್ಲಿ ಆ ಮನುಷ್ಯನ ಕೆಲಸ ಇಲ್ಲ ಎಂದೇ ಅರ್ಥ. ಹೊಗಳಿಕೆ ಇದೆ, ಅಷ್ಟೇ. ‘ಸಾವಿರ ಸಾಲಿಗೆ ಎಷ್ಟು ನಿಮಿಷ ಎಂದು ಹತ್ತೊಂಬತ್ತು ರಾತ್ರಿ ಲೆಕ್ಕ ಇಟ್ಟರು’ ಎಂಬಲ್ಲಿ ಇನ್ನೊಬ್ಬರ ಹೆಸರು ಹಾಕಲು ಬರುವುದಿಲ್ಲ.

ನನ್ನ ಬಗ್ಗೆ ಆ ಕರಡಿನಲ್ಲಿ ಇದ್ದದ್ದು ಎರಡೇ ಪದ, ‘ನನ್ನ ಮಾರ್ಗದರ್ಶನದಲ್ಲಿ’. ನಮ್ಮ ಆಫೀಸುಗಳಲ್ಲಿ ಇದು ತೀರ ಸಾಮಾನ್ಯ, ಬರೆಯುವಾಗ ವಿನಯದ ಮಾತೇ ಅನ್ನಿಸುತ್ತದೆ. ಆದರೆ ನೋಡಿ, ಅದು ಎಲ್ಲರ ಕೆಲಸದ ಮೇಲೂ ಒಂದು ಚಾದರ ಹೊದಿಸಿ ಇದೆಲ್ಲ ನನ್ನದು ಎನ್ನುತ್ತದೆ. ಅದೇ ಹೊತ್ತಿಗೆ ನಾನು ನಿಜವಾಗಿ ಏನು ಮಾಡಿದೆ ಎಂದು ಹೇಳುವುದೂ ಇಲ್ಲ. ನೋಟ್‌ಬುಕ್ ಇಡು ಎಂದು ನಾನು ಹೇಳಿರಲಿಲ್ಲ. 212 ಸಾಲು ನಾನು ಹಿಡಿದದ್ದಲ್ಲ. ಮಾರ್ಗದರ್ಶನ ಎಂದರೆ ನಾಲ್ಕು ದಿನ ಡಿಸ್ಕಿನ ಕಡೆ ಕೈ ತೋರಿಸಿದ್ದೂ ಸೇರುತ್ತದೆ. ಅದನ್ನು ಹೊಡೆದು ಹಾಕಿದೆ, ಆ ಜಾಗಕ್ಕೆ ಏನು ಬರೆಯಬೇಕೆಂದು ತೋಚಲಿಲ್ಲ. ಖಾಲಿ ಬಿಟ್ಟೆ.

ಕನ್ನಡದಲ್ಲಾಗಿದ್ದರೆ ಇಷ್ಟು ಮುಜುಗರವಾಗುತ್ತಿತ್ತೋ ಇಲ್ಲವೋ. ‘ಖರೀದಿ ನಿಲ್ಲಿಸಲು ಕೇಳಿದೆ’ ಎಂದರೆ ಸಾಕು, ‘ನಾನು’ ಎಂಬ ಪದವೇ ಬೇಡ, ಕ್ರಿಯಾಪದದ ಕೊನೆಯಲ್ಲೇ ನಾನಿದ್ದೇನೆ. ‘ಕೇಳಿದೆ’, ‘ಕೇಳಿದೆವು’, ‘ಕೇಳಿದರು’, ಯಾರು ಎಂಬುದು ಸದ್ದಿಲ್ಲದೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಆ ‘ಐ’ ದೊಡ್ಡಕ್ಷರದಲ್ಲಿ ವಾಕ್ಯದ ತಲೆಯ ಮೇಲೆ ನಿಲ್ಲಬೇಕು. ಅದಕ್ಕೆ ಅಂಜಿ ‘ಲಾಯಿತು’ವಿನ ಮರೆಗೆ ಹೋಗುವವರು ನಾನೊಬ್ಬಳೇ ಅಲ್ಲ, ನನ್ನ ಸುತ್ತ ತುಂಬ ಜನ ಇದ್ದಾರೆ. ಕಾಗದದ ಮೇಲೆ ಮೊದಲು ಕನ್ನಡದಲ್ಲಿ ಬರೆದುಕೊಂಡು, ಪ್ರತಿ ಕ್ರಿಯಾಪದದ ಕೊನೆ ನೋಡಿ, ಆಮೇಲೆ ಇಂಗ್ಲಿಷಿಗೆ ತಂದೆ. ಇದು ನನಗೆ ಒದಗಿಬಂದ ಉಪಾಯ.

ಶನಿವಾರ ಬೆಳಿಗ್ಗೆ ಪ್ರತಿಯೊಬ್ಬರಿಗೂ ಅವರವರ ಸಾಲನ್ನು ಕಳಿಸಿ, ಇದು ಸರಿಯೇ, ಹೀಗೆ ಮೇಲೆ ಹೋಗಬಹುದೇ ಎಂದು ಕೇಳಿದೆ. ಬರೆಯುವ ಮೊದಲು ಕೇಳಿದರೆ ಎಲ್ಲರೂ ‘ಅಯ್ಯೋ, ನಂದೇನಿಲ್ಲ’ ಅನ್ನುತ್ತಾರೆ. ಬರೆದ ಸಾಲನ್ನು ತೋರಿಸಿದರೆ ತಿದ್ದುತ್ತಾರೆ.

ಡೇಟಾಬೇಸ್ ಹುಡುಗನಿಗೆ ‘ಮೂಲ ಕಾರಣವನ್ನು ಕಂಡುಹಿಡಿದರು’ ಎಂದು ಬರೆದಿದ್ದೆ. ಕೂಡಲೇ ಫೋನ್ ಮಾಡಿದ. ‘ಮೇಡಂ, ಆ ನೋಟ್‌ಬುಕ್ ಇಲ್ಲದಿದ್ರೆ ನಾನು ಆ ಕ್ವೆರಿ ನೋಡ್ತಾನೇ ಇರ್ಲಿಲ್ಲ. ಟೇಬಲ್ ಬೆಳೆದ ಹಾಗೆ ನಿಧಾನ ಆಗ್ತಿದೆ ಅನ್ನೋದು ಅವನದು. ಯಾಕೆ ಅನ್ನೋದು ನಂದು. ಹಾಗೆ ಬರೀರಿ’ ಅಂದ. ಇಷ್ಟು ಚೊಕ್ಕವಾಗಿ ನಾನು ಬೇರ್ಪಡಿಸಿರಲಿಲ್ಲ. ಫೋನ್ ಇಡುವ ಮೊದಲು ಕೇಳಿದ, ‘ನಿಮ್ಮ ಸಾಲು ಎಲ್ಲಿ?’ ಇನ್ನೂ ಬರೆದಿಲ್ಲ ಅಂದೆ. ‘ಸರ್ವರ್ ಖರೀದಿ ನಿಲ್ಲಿಸಿದ್ದು ನೀವಲ್ವಾ? ಆ ಎರಡು ವಾರ ನನಗೆ ಇನ್ನೆಲ್ಲಿ ಸಿಗ್ತಿತ್ತು?’

ನಿರ್ಧಾರಗಳ ತೊಂದರೆ ಇದು. ಬರೆದ ಕೋಡ್ ಕಣ್ಣಿಗೆ ಕಾಣುತ್ತದೆ, ಹಿಡಿದ ತಪ್ಪು ಕಾಣುತ್ತದೆ. ಕೊಳ್ಳದೆ ಉಳಿದ ಸರ್ವರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಸರದಲ್ಲಿ ಬಿಡುಗಡೆ ಮಾಡದೆ ಕಾದ ಒಂಬತ್ತು ರಾತ್ರಿಗಳು ಎಲ್ಲೂ ದಾಖಲಾಗುವುದಿಲ್ಲ. ತಂಡ ನಡೆಸುವವರ ಪಾಲು ಹೆಚ್ಚಾಗಿ ಇಂಥದ್ದೇ ಆಗಿರುವುದರಿಂದ, ಅದನ್ನು ನಾವೇ ಬರೆಯದಿದ್ದರೆ ಬೇರೆ ಯಾರೂ ಬರೆಯಲಾರರು. ಅವರಿಗೆ ಅದು ಆದದ್ದೇ ತಿಳಿದಿರುವುದಿಲ್ಲ. ನನ್ನ ಸಾಲಿಗೂ ಉಳಿದವರ ಸಾಲಿನ ಅಳತೆಯನ್ನೇ ಹಿಡಿದೆ. ಏನು ಮಾಡಿದೆ, ಯಾವತ್ತು, ಮಾಡದಿದ್ದರೆ ಏನಾಗುತ್ತಿತ್ತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಟೆಸ್ಟಿಂಗ್‌ನವರ ಸಾಲಿನಲ್ಲಿ ‘ಮೂರು ತಿಂಗಳ ಡೇಟಾವನ್ನು ಪರೀಕ್ಷಿಸಿದರು’ ಎಂದಿತ್ತು. ಅವರ ಉತ್ತರ ಬಂದದ್ದು ಮಧ್ಯಾಹ್ನ. ‘ಪರೀಕ್ಷೆ ಮಾಡೋದು ನನ್ನ ಸಂಬಳದ ಕೆಲಸ, ಅದನ್ನ ಬರೀಬೇಕಾಗಿಲ್ಲ. ಬಿಡುಗಡೆ ನಿಲ್ಲಿಸಿದೆ, ಅದನ್ನ ಬರೀರಿ.’ ಅಂದು ಸಂಜೆ ಎಲ್ಲರೂ ಅವಸರ ಮಾಡುತ್ತಿದ್ದಾಗ ‘ನಾನು ಒಪ್ಪಿಗೆ ಕೊಡಲ್ಲ’ ಎಂದು ಟಿಕೆಟ್ಟಿನಲ್ಲಿ ಬರೆದವರು ಅವರೊಬ್ಬರೇ. ನಾನು ಕೂಡ ಅವರ ಕಡೆ ನಿಂತದ್ದು ಅದಾದ ಮೇಲೆ. ಒಂದು ಕ್ರಿಯಾಪದ ಬದಲಾದದ್ದರಿಂದ ಸಾಲಿನ ತೂಕವೇ ಬದಲಾಯಿತು.

ರಾತ್ರಿ ಪಾಳಿಯ ಹುಡುಗ ಕೇಳಿದ್ದು ನನಗೆ ಹೊಳೆದೇ ಇರದ ವಿಷಯ. ‘ಮೇಡಂ, ನಿಮ್ಮ ಮೇಲ್ ನಿಮ್ಮ ಕಂಪನಿ ಒಳಗೇ ಇರುತ್ತೆ. ನಮ್ಮ ಏಜೆನ್ಸಿ ಸೂಪರ್‌ವೈಸರ್‌ಗೆ ಕಾಣಲ್ಲ. ನನ್ನ ಸಂಬಳ ನೋಡೋದು ಅವರು.’ ನಮ್ಮ ಮುಖ್ಯಸ್ಥರು ಅವನ ಹೆಸರು ಓದಿ ಮೆಚ್ಚಿದರೂ ಅವನ ಮೌಲ್ಯಮಾಪನಕ್ಕೆ ಅದು ಎಂದೂ ತಲುಪುವುದಿಲ್ಲ. ಒಳಗಿನ ಮೇಲನ್ನು ಹೊರಗಿನವರಿಗೆ ಕಳಿಸುವಂತಿಲ್ಲ, ಅದರಲ್ಲಿ ಬ್ಯಾಂಕಿನ ವಿವರಗಳಿವೆ. ಅವನ ಸೂಪರ್‌ವೈಸರ್‌ಗೆ ಬೇರೆಯೇ ನಾಲ್ಕು ಸಾಲು ಬರೆದು, ಅವನಿಗೂ ಪ್ರತಿ ಹಾಕಿದೆ. ಗುತ್ತಿಗೆಯವರನ್ನು ಹೆಸರಿಸುವಾಗ ಈ ಎರಡನೇ ಪತ್ರ ಇಲ್ಲದಿದ್ದರೆ ಮೊದಲನೆಯದರಿಂದ ಅವರಿಗೆ ಸಿಗುವುದು ಖುಷಿ ಮಾತ್ರ.

ಕೊನೆಗೆ ಕಳಿಸಿದ ಮೇಲ್ ಹೀಗಿತ್ತು. ಮುಖ್ಯಸ್ಥರು ಫೋನಿನಲ್ಲಿ ಓದುತ್ತಾರೆ, ಮೊದಲ ಮೂರು ಸಾಲು ಕಾಣುತ್ತವೆ. ಅಲ್ಲಿ ಫಲಿತಾಂಶ ಇರಬೇಕು, ಜನರು ಅದರ ಬೆನ್ನಿಗೇ ಬರಬೇಕು. ಹೆಸರುಗಳನ್ನು ಹುದ್ದೆಯ ಕ್ರಮದಲ್ಲಿ ಇಡದೆ, ಕೆಲಸ ನಡೆದ ಕ್ರಮದಲ್ಲೇ ಇಟ್ಟೆ. ಹಾಗೆ ಮಾಡಿದಾಗ ನನ್ನ ಸಾಲು ತಲೆಯ ಮೇಲೂ ಇಲ್ಲ, ಬಾಲದಲ್ಲೂ ಇಲ್ಲ, ಎಲ್ಲಿ ನಡೆಯಿತೋ ಅಲ್ಲಿದೆ.

‘ರೀಕಾನ್ ಜಾಬ್ ಈಗ ಸುಮಾರು 40 ನಿಮಿಷದಲ್ಲಿ ಮುಗಿಯುತ್ತಿದೆ. ಮೊದಲು 6 ಗಂಟೆ 40 ನಿಮಿಷ ಹಿಡಿಯುತ್ತಿತ್ತು. ಹೊಸ ಸರ್ವರ್ ಸದ್ಯಕ್ಕೆ ಬೇಡ.

‘ಕಾರಣ ತಿಳಿಯದೆ ಖರೀದಿ ಬೇಡವೆಂದು 4ನೇ ತಾರೀಕು ಎರಡು ವಾರದ ತಡೆ ಕೇಳಿದೆ, ಟಿಪ್ಪಣಿ ಲಗತ್ತಿಸಿದ್ದೇನೆ. ಡಿಸ್ಕ್ ಎಂದು ಅನುಮಾನಿಸಿ ಮೊದಲ ನಾಲ್ಕು ದಿನ ಕಳೆದೆವು, ಆ ಅನುಮಾನ ನನ್ನದು, ತಪ್ಪಾಗಿತ್ತು. ಟೇಬಲ್ ಬೆಳೆದಂತೆ ಜಾಬ್ ನಿಧಾನವಾಗುತ್ತಿದೆ ಎಂಬುದನ್ನು ರಾತ್ರಿ ಪಾಳಿಯ ಇವರು ಹತ್ತೊಂಬತ್ತು ರಾತ್ರಿಗಳ ಸ್ವಂತ ಲೆಕ್ಕದಿಂದ ತೋರಿಸಿದರು. ಆ ಲೆಕ್ಕ ಹಿಡಿದು, ಇಂಡೆಕ್ಸ್ ಬಳಕೆಯಾಗುತ್ತಿಲ್ಲ ಎಂದು ಡೇಟಾಬೇಸ್‌ನ ಇವರು ಕಂಡುಹಿಡಿದು ಸರಿಪಡಿಸಿದರು. ಅಂದೇ ರಾತ್ರಿಯ ಬಿಡುಗಡೆಯನ್ನು ಟೆಸ್ಟಿಂಗ್‌ನ ಇವರು ನಿಲ್ಲಿಸಿದರು. ನಿಲ್ಲಿಸಿದ್ದರಿಂದಲೇ 212 ವ್ಯವಹಾರಗಳು ತಾಳೆ ತಪ್ಪುವುದು ಗೊತ್ತಾಯಿತು. ಒಂಬತ್ತು ರಾತ್ರಿ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓಡಿಸಿ ಆಮೇಲೆ ಬದಲಿಸುವ ನಿರ್ಧಾರ ನನ್ನದು.

‘ಉಳಿದದ್ದು: ತಿಂಗಳ ಕೊನೆಯಲ್ಲಿ ಫೈಲ್ ದೊಡ್ಡದಿರುತ್ತದೆ, ಆಗಿನ ಹೊತ್ತನ್ನು ಇನ್ನೂ ಅಳೆದಿಲ್ಲ. 212 ಸಾಲೂ ಒಂದೇ ಬ್ಯಾಂಕಿನ ಫೈಲಿನವು, ಅವರ ಜೊತೆ ಮಾತಾಡಬೇಕು. ಸರ್ವರ್ ವಿಷಯ ಆರು ತಿಂಗಳ ನಂತರ ಮತ್ತೆ ನೋಡೋಣ.’

ಡಿಸ್ಕಿನ ಸಾಲನ್ನು ಬಿಡಬೇಕೇ ಎಂದು ತುಂಬ ಹೊತ್ತು ಯೋಚಿಸಿದ್ದೆ. ಎರಡು ಕಾರಣಕ್ಕೆ ಇಟ್ಟೆ. ಟಿಪ್ಪಣಿಯ ದಿನಾಂಕಕ್ಕೂ ಕಾರಣ ಸಿಕ್ಕಿದ ದಿನಾಂಕಕ್ಕೂ ನಡುವೆ ಇರುವ ಆ ಅಂತರವನ್ನು ಓದುವವರು ಹೇಗೂ ಗಮನಿಸುತ್ತಾರೆ. ಹೇಳದಿದ್ದರೆ ಆ ನಾಲ್ಕು ದಿನದ ನಿಧಾನ ಡೇಟಾಬೇಸ್ ಹುಡುಗನ ಲೆಕ್ಕಕ್ಕೆ ಬೀಳುತ್ತದೆ. ಎರಡನೆಯದು, ತಪ್ಪಿನ ಎದುರು ‘ನನ್ನದು’ ಎಂದು ಬರೆದವಳಿಗೆ ನಿರ್ಧಾರದ ಎದುರೂ ‘ನನ್ನದು’ ಎಂದು ಬರೆಯಲು ಕೈ ನಡುಗುವುದಿಲ್ಲ. ನನಗಂತೂ ನಡುಗಲಿಲ್ಲ.

ಇದಕ್ಕೊಂದು ಮಿತಿಯೂ ಇದೆ. ಹತ್ತು ಹದಿನೈದು ಜನರ ತಂಡವಾದರೆ ಎಲ್ಲರಿಗೂ ಹೀಗೆ ಒಂದೊಂದು ವಾಕ್ಯ ಬರೆದರೆ ಯಾರೂ ಓದುವುದಿಲ್ಲ. ಆಗ ಕೆಲಸದ ದಾರಿ ತಿರುಗಿಸಿದವರನ್ನು ಮಾತ್ರ ಮೇಲ್‌ನಲ್ಲಿ ಹೆಸರಿಸಿ, ಉಳಿದವರ ಬಗ್ಗೆ ಅವರವರ ಮ್ಯಾನೇಜರ್‌ಗೆ ಬೇರೆ ಬರೆಯುವುದೇ ಸರಿ ಎಂದು ನನಗನ್ನಿಸುತ್ತದೆ. ದುಡಿದವರೆಲ್ಲರೂ ತಿರುವು ತಂದವರಲ್ಲ. ಹಾಗೆ ನಟಿಸಿದರೆ ನಿಜವಾಗಿ ತಂದವರಿಗೆ ಅನ್ಯಾಯವಾಗುತ್ತದೆ.

ಮೇಲ್ ಕಳಿಸಿದ್ದು ಶನಿವಾರ ಸಂಜೆ, ಹೆಸರಿದ್ದವರಿಗೆಲ್ಲ ಪ್ರತಿ ಹಾಕಿ. ಭಾನುವಾರ ಬೆಳಿಗ್ಗೆ ಮುಖ್ಯಸ್ಥರು ಎಲ್ಲರಿಗೂ ಸೇರಿಸಿ ಉತ್ತರಿಸಿದ್ದರು. ನನಗೆ ಒಂದು ಮಾತು: ‘ಸ್ಟೋರೇಜ್ ತಂಡದ ಇನ್ನೊಂದು ಖರೀದಿ ನನ್ನ ಮುಂದಿದೆ. ಈ ಟಿಪ್ಪಣಿಯ ಹಾಗೇ ಅದನ್ನೂ ಒಮ್ಮೆ ನೋಡಿ.’ ಇನ್ನೊಂದು ಪ್ರಶ್ನೆ ಟೆಸ್ಟಿಂಗ್‌ನವರ ಹೆಸರು ಹಿಡಿದು ನೇರವಾಗಿ ಅವರಿಗೇ: ‘212 ಸಾಲೂ ಒಂದೇ ಬ್ಯಾಂಕಿನವೇ?’

ನಾನು ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಅವರು ಉತ್ತರಿಸಿ ಆಗಿತ್ತು. ‘ಇಲ್ಲ. 209 ಒಂದು ಬ್ಯಾಂಕಿನವು, 3 ಇನ್ನೊಂದರವು. ಆ ಮೂರರ ಪಟ್ಟಿ ಲಗತ್ತಿಸಿದ್ದೇನೆ.’ ಅವರ ಸಾಲನ್ನು ಮಾತ್ರ ಅವರಿಗೆ ತೋರಿಸಿದ್ದೆ. ಕೆಳಗಿನ ‘ಉಳಿದದ್ದು’ ಎಂಬ ಭಾಗವನ್ನು ತೋರಿಸಿರಲಿಲ್ಲ.